1996ಕ್ಕೂ 1997ಕ್ಕೂ ನಡುವೆ ಗೋಡೆ ಎಲ್ಲಿದೆ?

ಪ್ರಶ್ನೆ: ನಾನು ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದೇನೆ. ನಾನು ಹುಟ್ಟಿದ್ದು 1996ರ ನವೆಂಬರಿನಲ್ಲಿ, ತಂಗಿ 1998ರಲ್ಲಿ, ಅಪ್ಪ 1962ರಲ್ಲಿ ಮುಂಬೈಯಲ್ಲಿ. ಕಚೇರಿಯ ತರಬೇತಿಯಲ್ಲಿ ತೋರಿಸಿದ ಪಟ್ಟಿಯ ಪ್ರಕಾರ ಅಪ್ಪ ಬೂಮರ್, ನಾನು ಮಿಲೆನಿಯಲ್, ತಂಗಿ ಜೆನ್ ಝೀ. ನಮ್ಮದೇ ಸಮೀಕ್ಷೆಯಲ್ಲೂ ಜೆನ್ ಝೀಯವರಿಗೆ ಕೆಲಸ ಬದಲಿಸುವ ಇಚ್ಛೆ ಹೆಚ್ಚು ಎಂದು ಬಂದಿದೆ. ಆದರೆ ಸಮಾಜಶಾಸ್ತ್ರಜ್ಞರು ಇವು ನಿಜವಾದ ಗುಂಪುಗಳೇ ಅಲ್ಲ ಎನ್ನುತ್ತಾರಂತೆ. ಯಾಕೆ ಸರ್?

ಉತ್ತರ: ನಿಮ್ಮ ತರಬೇತಿಯ ಪಟ್ಟಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಬಳಸುತ್ತಿದ್ದ ಪಟ್ಟಿಯಂತೆಯೇ ಇದೆ. ಅದರಲ್ಲಿ 1946ರಿಂದ 1964ರವರೆಗೆ ಹುಟ್ಟಿದವರು ಬೂಮರ್‌ಗಳು, 1965ರಿಂದ 1980ರವರೆಗಿನವರು ಜೆನ್ ಎಕ್ಸ್, 1981ರಿಂದ 1996ರವರೆಗಿನವರು ಮಿಲೆನಿಯಲ್‌ಗಳು, 1997ರಿಂದ 2012ರವರೆಗಿನವರು ಜೆನ್ ಝೀ. ಮೊದಲನೆಯ ಡಬ್ಬಿಯಲ್ಲಿ 19 ವರ್ಷಗಳಿವೆ, ಉಳಿದ ಮೂರರಲ್ಲಿ 16. ಮಿಲೆನಿಯಲ್‌ಗಳ ಡಬ್ಬಿಯನ್ನು 1996ಕ್ಕೇ ಮುಚ್ಚಿದ್ದೇಕೆ ಎಂಬುದಕ್ಕೆ ಪ್ಯೂ ಕೇಂದ್ರ ಕೆಲವು ಕಾರಣಗಳನ್ನು ಕೊಟ್ಟಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನೆನಪು ಅವುಗಳಲ್ಲಿ ಒಂದು. ಹಾಗೆ ಮುಚ್ಚಿದರೆ ಹಿಂದಿನ ಡಬ್ಬಿಯಷ್ಟೇ ಅಗಲ ಬರುತ್ತದೆ ಎಂಬುದು ಇನ್ನೊಂದು. ಬೂಮರ್‌ಗಳ ನಂತರದ ಗೆರೆಗಳಿಗೆ ಅಂಥ ಖಚಿತವಾದ ಆಧಾರವಿಲ್ಲ ಎಂದು ಆ ಸಂಸ್ಥೆಯೇ ಒಪ್ಪಿಕೊಂಡಿತ್ತು. ಮಿಲೆನಿಯಲ್ ಎಂಬ ಹೆಸರನ್ನು ಚಾಲ್ತಿಗೆ ತಂದವರು ಅಮೆರಿಕದ ಲೇಖಕರಾದ ವಿಲಿಯಂ ಸ್ಟ್ರಾಸ್ ಮತ್ತು ನೀಲ್ ಹೌ. 1991ರಲ್ಲಿ ತಮ್ಮ ಸಿದ್ಧಾಂತವನ್ನು ಮಂಡಿಸಿದ ಇವರ ಗೆರೆಗಳೇ ಬೇರೆ: ಇವರ ಬೂಮ್ ಪೀಳಿಗೆ 1960ಕ್ಕೆ ಮುಗಿಯುತ್ತದೆ, ಮಿಲೆನಿಯಲ್ ಪೀಳಿಗೆ 1982ಕ್ಕೆ ಶುರುವಾಗಿ 2000ವನ್ನೂ ದಾಟುತ್ತದೆ. ಇವರ ಲೆಕ್ಕ ಹಿಡಿದರೆ ನಿಮ್ಮ ತಂದೆ ಬೂಮರ್ ಅಲ್ಲ, ಮತ್ತು ನೀವೂ ನಿಮ್ಮ ತಂಗಿಯೂ ಒಂದೇ ಪೀಳಿಗೆ. ಮನೆಯಲ್ಲಿ ಯಾರೂ ಕದಲದೆ, ಯಾವ ಹೊಸ ಸಂಗತಿಯೂ ಹೊರಬೀಳದೆ, ಬರೀ ಪಟ್ಟಿ ಬದಲಾದದ್ದರಿಂದ ಇಷ್ಟೆಲ್ಲ ಬದಲಾಯಿತು ಎಂಬುದನ್ನು ಗಮನಿಸಿ. ಸಮಾಜಶಾಸ್ತ್ರಜ್ಞರು ‘ಮನಸ್ಸಿಗೆ ಬಂದಂತೆ ಎಳೆದ ಗೆರೆ’ ಎನ್ನುವುದು ಇದನ್ನೇ.

ಬೂಮರ್ ಎಂಬ ಹೆಸರಿಗೆ ಮಾತ್ರ ಸ್ವಲ್ಪ ನೆಲೆ ಉಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹೆರಿಗೆಗಳು ಒಮ್ಮೆಲೇ ಏರಿದವು. 1957ರಲ್ಲಿ ಸುಮಾರು 43 ಲಕ್ಷಕ್ಕೆ ಮುಟ್ಟಿ, 1964ರ ನಂತರ 40 ಲಕ್ಷಕ್ಕಿಂತ ಕೆಳಗಿಳಿದವು. ಜನನಗಳ ನಕ್ಷೆಯಲ್ಲಿ ಈ ಉಬ್ಬು ಕಣ್ಣಿಗೆ ಕಾಣುತ್ತದೆ. ಅಲ್ಲಿನ ಜನಗಣತಿ ಇಲಾಖೆಯೂ ಅದನ್ನು ಗುರುತಿಸುತ್ತದೆ. ಆದರೆ ಆ ಉಬ್ಬು ಅಮೆರಿಕದ್ದು. ಭಾರತದಲ್ಲಿ ಜನನ ಪ್ರಮಾಣ ಯುದ್ಧಕ್ಕೆ ಮುಂಚೆಯೂ ಹೆಚ್ಚಾಗಿತ್ತು, ನಂತರವೂ ಹೆಚ್ಚಾಗಿಯೇ ಉಳಿಯಿತು. 1950ರ ಮತ್ತು 60ರ ದಶಕಗಳಲ್ಲಿ ನಮ್ಮ ಜನಸಂಖ್ಯೆ ಏರಿದ್ದು ಮುಖ್ಯವಾಗಿ ಸಾವುಗಳು ಕಡಿಮೆಯಾದದ್ದರಿಂದ. ಹಾಗಾಗಿ ನಿಮ್ಮ ತಂದೆಯನ್ನು ಬೂಮರ್ ಎನ್ನುವಾಗ, ಇಲ್ಲಿ ನಡೆಯದೇ ಇದ್ದ ಒಂದು ಘಟನೆಯ ಹೆಸರನ್ನು ಅವರಿಗೆ ಇಡುತ್ತಿದ್ದೇವೆ. ಅಮೆರಿಕದೊಳಗೂ ಆ ಉಬ್ಬು ಹೇಳುವುದು ಎಷ್ಟು ಜನ ಹುಟ್ಟಿದರು ಎಂಬುದನ್ನೇ ಹೊರತು, ಅವರು ಎಂಥವರಾದರು ಎಂಬುದನ್ನಲ್ಲ. ವಿಯೆಟ್ನಾಂ ಯುದ್ಧಕ್ಕೆ ಸೈನಿಕರನ್ನು ಆರಿಸಲು 1969ರ ಡಿಸೆಂಬರ್ 1ರಂದು ನಡೆದ ಚೀಟಿ ಎತ್ತುವಿಕೆ 1944ರಿಂದ 1950ರವರೆಗೆ ಹುಟ್ಟಿದ ಗಂಡಸರಿಗೆ ಸಂಬಂಧಿಸಿತ್ತು. 1946ರಲ್ಲಿ ಹುಟ್ಟಿದ ಬೂಮರ್ ತನ್ನ ಜನ್ಮದಿನದ ಚೀಟಿ ಯಾವ ಸ್ಥಾನದಲ್ಲಿ ಬರುವುದೋ ಎಂದು ಕಾದಿದ್ದ. 1964ರಲ್ಲಿ ಹುಟ್ಟಿದ ಬೂಮರ್ ಆಗ ಐದು ವರ್ಷದ ಮಗು.

ಈಗ ‘ನಿಜವಾದ ಗುಂಪು’ ಎಂದರೇನು ಎಂಬ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಕನ್ನಡದ ‘ತಲೆಮಾರು’ ಎಂಬ ಮಾತು ಮೂಲದಲ್ಲಿ ವರ್ಷದ ಲೆಕ್ಕವಲ್ಲ, ಸಂಬಂಧದ ಲೆಕ್ಕ. ನನ್ನ ಕೊನೆಯ ಚಿಕ್ಕಪ್ಪ ನನಗಿಂತ ಎರಡು ವರ್ಷ ಚಿಕ್ಕವನು. ನಾವಿಬ್ಬರೂ ಒಟ್ಟಿಗೆ ಗೋಲಿ ಆಡಿದವರು. ಆದರೂ ಮದುವೆ ಮುಂಜಿಗಳಲ್ಲಿ ಅವನು ಹಿರಿಯರ ಸಾಲಿನಲ್ಲಿ ಕೂರುತ್ತಾನೆ, ನಾನು ನಮಸ್ಕಾರ ಮಾಡುವವರ ಸಾಲಿನಲ್ಲಿ. ಈ ತಲೆಮಾರು ನಿಜವಾದದ್ದು, ಏಕೆಂದರೆ ಅದರಲ್ಲಿ ಹಕ್ಕು, ಹೊಣೆ, ಕರೆಯುವ ಹೆಸರು ಎಲ್ಲವೂ ಇವೆ, ಮತ್ತು ಅದರಲ್ಲಿರುವವರಿಗೆ ತಾವು ಅದರಲ್ಲಿದ್ದೇವೆಂದು ಗೊತ್ತು. ವರ್ಷಗಳ ಡಬ್ಬಿಯಲ್ಲಿರುವವರಿಗೆ ಅದು ಗೊತ್ತಿರುವುದು ಕಡಿಮೆ. ಪ್ಯೂ ಕೇಂದ್ರವೇ 2015ರಲ್ಲಿ ಅಮೆರಿಕನ್ನರನ್ನು ಕೇಳಿದಾಗ, ಮಿಲೆನಿಯಲ್ ವಯಸ್ಸಿನವರಲ್ಲಿ ತಮ್ಮನ್ನು ಮಿಲೆನಿಯಲ್ ಎಂದುಕೊಂಡವರು ಶೇಕಡಾ 40 ಮಾತ್ರ.

ಒಂದೇ ಕಾಲದಲ್ಲಿ ಹುಟ್ಟಿದವರು ಯಾವಾಗ ಗುಂಪಾಗುತ್ತಾರೆ ಎಂಬುದನ್ನು ಹಂಗೇರಿ ಮೂಲದ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರ ಒಂದು ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಒಂದೇ ಸುಮಾರಿಗೆ ಹುಟ್ಟುವುದರಿಂದ ಸಿಗುವುದು ಒಂದು ‘ಸ್ಥಾನ’ ಮಾತ್ರ, ಅದೂ ಒಂದೇ ಸಮಾಜದ ಒಂದೇ ಇತಿಹಾಸದೊಳಗೆ ಇದ್ದರೆ. 1800ರ ಹೊತ್ತಿನ ಚೀನಾದ ಯುವಕರೂ ಜರ್ಮನಿಯ ಯುವಕರೂ ಸಮವಯಸ್ಕರಾದರೂ ಒಂದೇ ಸ್ಥಾನದವರಲ್ಲ ಎಂಬುದು ಅವರು ಕೊಟ್ಟ ಉದಾಹರಣೆ. ಆ ಸ್ಥಾನದಲ್ಲಿರುವವರು ಒಂದೇ ಘಟನೆಯ ಹೊಡೆತಕ್ಕೆ ಸಿಕ್ಕು, ಅದರಲ್ಲಿ ಪಾಲುದಾರರಾದಾಗ ಮಾತ್ರ ಪೀಳಿಗೆ ಎಂಬುದು ನಿಜವಾಗುತ್ತದೆ. ಆಮೇಲೂ ಅವರು ಒಂದೇ ಮನಸ್ಸಿನವರಾಗಬೇಕಿಲ್ಲ; ಒಂದೇ ಘಟನೆಗೆ ಒಂದೇ ಬಗೆಯಲ್ಲಿ ಉತ್ತರ ಕೊಟ್ಟವರು ಅದರೊಳಗಿನ ಇನ್ನೂ ಚಿಕ್ಕ ಘಟಕ. ಹುಟ್ಟಿದ ವರ್ಷ ಮೊದಲ ಮೆಟ್ಟಿಲು. ತರಬೇತಿಯ ಪಟ್ಟಿಗಳು ಅದನ್ನೇ ಕೊನೆಯ ಮೆಟ್ಟಿಲೆಂದು ತಿಳಿಯುತ್ತವೆ.

ನಿಮ್ಮ ತಂದೆ ಹುಟ್ಟಿದ ಊರಿನಿಂದಲೇ ಇದನ್ನು ಪರೀಕ್ಷಿಸೋಣ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ವರ್ಷಕ್ಕೂ ಮೀರಿ ಎಳೆದ ಆ ಮುಷ್ಕರವನ್ನು ವಿಧಿವತ್ತಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಲಾಲ್‌ಬಾಗ್, ಪರೇಲ್, ವರ್ಳಿಗಳ ಗಿರಣಿ ಪ್ರದೇಶವಾದ ಗಿರಣಗಾಂವ್ ಮತ್ತೆ ಮೊದಲಿನಂತಾಗಲಿಲ್ಲ. ಒಂದೇ ಚಾಳಿನ ನಾಲ್ವರನ್ನು ಕಲ್ಪಿಸಿಕೊಳ್ಳಿ; ಹುಟ್ಟಿದ ವರ್ಷಗಳು 1932, 1950, 1962, 1968.

1932ರವರಿಗೆ ಆಗ ಐವತ್ತು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು. ನಷ್ಟವಾಯಿತು, ಆದರೆ ದುಡಿಮೆಯ ಬಹುಪಾಲು ಮುಗಿದಿತ್ತು. ಕೈಗೆ ಬಂದಷ್ಟು ಹಣ ಹಿಡಿದು ಊರಿಗೆ ಹೋಗಬಹುದಿತ್ತು. 1950ರವನಿಗೆ ಮೂವತ್ತೆರಡು. ಕಾಯಂ ನೌಕರಿ, ಶಾಲೆಗೆ ಹೋಗುವ ಮಕ್ಕಳು. ಕಲಿತ ಕಸುಬಿಗೆ ಗಿರಣಿಯ ಹೊರಗೆ ಬೆಲೆಯಿಲ್ಲ, ಹೊಸದನ್ನು ಕಲಿಯಲು ಪುರುಸೊತ್ತಿಲ್ಲ. 1962ರವನಿಗೆ ಇಪ್ಪತ್ತು. ಅವನು ‘ಬದಲಿ’, ಎಂದರೆ ಬೆಳಿಗ್ಗೆ ಗೇಟಿನಲ್ಲಿ ನಿಂತು, ಯಾರಾದರೂ ಗೈರುಹಾಜರಾದರೆ ಆ ದಿನದ ಮಟ್ಟಿಗೆ ಒಳಗೆ ಹೋಗುವವನು. ಕಾಯಂ ಆಗುವ ಸರದಿಗೆ ಕಾಯುತ್ತಿದ್ದ ಅವನ ಪಾಲಿಗೆ ಬಾಗಿಲು, ಅವನು ಒಳಗೆ ಕಾಲಿಡುವ ಮೊದಲೇ ಮುಚ್ಚಿತು. 1968ರ ಹುಡುಗನಿಗೆ ಹದಿನಾಲ್ಕು. ಗಿರಣಿಯಲ್ಲಿ ಕೆಲಸ ಸಿಗುತ್ತದೆ ಎಂಬ ನಿರೀಕ್ಷೆಯೇ ಇಲ್ಲದೆ ಅವನು ದೊಡ್ಡವನಾದ. ಮನೆಯ ಸ್ಥಿತಿ ನೋಡಿ ಶಾಲೆ ಬಿಟ್ಟು ಅಂಗಡಿಗೋ ವರ್ಕ್‌ಶಾಪಿಗೋ ಸೇರುವ ಪ್ರಶ್ನೆ ಅವನ ಮುಂದಿತ್ತು.

ಹುಟ್ಟಿದ ವರ್ಷ ಇಲ್ಲಿ ನಿಜವಾಗಿಯೂ ಕೆಲಸ ಮಾಡಿದೆ; ಅದನ್ನು ಯಾವ ಸಮಾಜಶಾಸ್ತ್ರಜ್ಞರೂ ಅಲ್ಲಗಳೆಯುವುದಿಲ್ಲ. ಒಂದೇ ಪೆಟ್ಟು ಬೇರೆ ಬೇರೆ ವಯಸ್ಸಿನಲ್ಲಿ ಬಿದ್ದು ಬೇರೆ ಬೇರೆ ಬದುಕುಗಳನ್ನು ಮಾಡಿತು. ಹೀಗೆ ಒಂದು ಘಟನೆಯನ್ನು ಒಂದೇ ವಯಸ್ಸಿನಲ್ಲಿ ಎದುರಿಸಿದವರನ್ನು ‘ಕೋಹಾರ್ಟ್’ ಎನ್ನುತ್ತಾರೆ. 1965ರಲ್ಲಿ ನಾರ್ಮನ್ ರೈಡರ್ ಎಂಬ ಜನಸಂಖ್ಯಾಶಾಸ್ತ್ರಜ್ಞರು ಈ ಪರಿಕಲ್ಪನೆಗೆ ಗಟ್ಟಿ ರೂಪ ಕೊಟ್ಟರು. ಆದರೆ ಪಟ್ಟಿಯ ಗೆರೆ ಇಲ್ಲಿ ಎಲ್ಲಿ ಬೀಳುತ್ತದೆ ನೋಡಿ. ಅದು 1950ರ ಕಾಯಂ ನೌಕರನನ್ನೂ 1962ರ ಬದಲಿಯನ್ನೂ ‘ಬೂಮರ್’ ಎಂದು ಒಂದೇ ಡಬ್ಬಿಗೆ ಹಾಕುತ್ತದೆ. ಒಬ್ಬನು ಕಳೆದುಕೊಂಡವನು, ಇನ್ನೊಬ್ಬನು ಪಡೆಯಲೇ ಇಲ್ಲದವನು. ಅದೇ ಗೆರೆ 1962ರವನನ್ನು 1965ರಲ್ಲಿ ಹುಟ್ಟಿದ ಅವನ ತಮ್ಮನಿಂದ ಬೇರ್ಪಡಿಸುತ್ತದೆ, ಆ ಇಬ್ಬರ ಮುಂದೆ ಮುಚ್ಚಿದ ಬಾಗಿಲು ಒಂದೇ ಆಗಿದ್ದರೂ. ಕೂಡಿಸಬೇಕಾದಲ್ಲಿ ಕತ್ತರಿಸುತ್ತದೆ, ಕತ್ತರಿಸಬೇಕಾದಲ್ಲಿ ಕೂಡಿಸುತ್ತದೆ.

ವರ್ಷವೊಂದೇ ಸಾಲದು ಎಂಬುದಕ್ಕೆ ಚಾಳಿನಿಂದ ಸ್ವಲ್ಪ ಆಚೆ ಬಂದರೆ ಸಾಕು. ಅದೇ 1962ರಲ್ಲಿ ಉಡುಪಿಯ ಕಡೆ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದುತ್ತಿದ್ದವನಿಗೆ ಮುಷ್ಕರ ಎಂದರೆ ಗಿರಾಕಿ ಕಡಿಮೆಯಾದ ಕಾಲ, ಅದೂ ಹೋಟೆಲು ಗಿರಣಗಾಂವದಲ್ಲಿ ಇದ್ದರೆ. ಅವನನ್ನು ರೂಪಿಸಿದ್ದು ರಾತ್ರಿ ಶಾಲೆ. ಆ ಶಾಲೆಯ ಬೆಂಚಿನಲ್ಲಿ ಅವನ ಪಕ್ಕ ಕೂತವನು ಅವನಿಗಿಂತ ಆರು ವರ್ಷ ದೊಡ್ಡವನಾಗಿರಬಹುದು, ಆದರೆ ಇಬ್ಬರದೂ ಒಂದೇ ಅನುಭವ. ಅದೇ ವರ್ಷ ಮಾಟುಂಗದ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳಾಗಿ ಹುಟ್ಟಿದವಳಿಗೆ 1982 ಎಂದರೆ ಪದವಿ ಪರೀಕ್ಷೆ. ಮುಷ್ಕರ ಅವಳಿಗೆ ಪತ್ರಿಕೆಯ ಸುದ್ದಿ. ಈ ಮೂವರಿಗೂ ಒಂದೇ ಹೆಸರಿಟ್ಟು, ಆ ಹೆಸರಿನಿಂದ ಮೂವರ ಸ್ವಭಾವವನ್ನು ಊಹಿಸುವುದು ನನಗೆ ರಾಶಿಫಲ ಬರೆಯುವ ಕೆಲಸದಂತೆಯೇ ಕಾಣುತ್ತದೆ. ರಾಶಿಫಲದಲ್ಲಾದರೂ ಹನ್ನೆರಡು ಮನೆಗಳಿರುತ್ತವೆ!

ಗೆರೆ ಎಲ್ಲಿ ನ್ಯಾಯವಾಗಿ ಬೀಳುತ್ತದೆ ಎಂಬುದಕ್ಕೆ ಗೋವಾ ಒಳ್ಳೆಯ ಉದಾಹರಣೆ. 1961ರ ಡಿಸೆಂಬರ್ 19ರಂದು ಅಲ್ಲಿ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ಅಷ್ಟರೊಳಗೆ ಪೋರ್ಚುಗೀಸ್ ಮಾಧ್ಯಮದಲ್ಲಿ ಓದು ಮುಗಿಸಿದವರು, ಓದಿನ ನಡುವೆ ಸಿಕ್ಕಿಬಿದ್ದು ಇಂಗ್ಲಿಷಿಗೋ ಮರಾಠಿಗೋ ಹೊರಳಬೇಕಾದವರು, ಆಮೇಲೆ ಮೊದಲ ಬಾರಿ ಶಾಲೆಗೆ ಸೇರಿದವರು, ಈ ಮೂವರ ನಡುವೆ ಗೆರೆ ಎಳೆದರೆ ಅದಕ್ಕೆ ಕಾರಣ ಹೇಳಬಹುದು. ಯಾವ ತರಗತಿಯಲ್ಲಿದ್ದಾಗ ಭಾಷೆ ಬದಲಾಯಿತು ಎಂಬುದು ಮುಂದೆ ಯಾವ ನೌಕರಿಗೆ ಅರ್ಜಿ ಹಾಕಬಹುದು ಎಂಬುದನ್ನು ನಿರ್ಧರಿಸಿತು. ಆದರೆ ಆ ಗೆರೆ ಗೋವಾದ್ದು, ಅದರಲ್ಲೂ ಪೋರ್ಚುಗೀಸ್ ಶಾಲೆಗೆ ಹೋಗುತ್ತಿದ್ದ ಮನೆಗಳದ್ದು. ಗಡಿಯ ಈಚೆ ಕಾರವಾರದಲ್ಲಿ ಅದೇ ವರ್ಷಗಳಲ್ಲಿ ಹುಟ್ಟಿದವರಿಗೆ ಅದು ಅನ್ವಯಿಸುವುದಿಲ್ಲ. ನಿಜವಾದ ಪೀಳಿಗೆಗಳು ಹೀಗೆ ಸ್ಥಳೀಯವಾಗಿ, ಚಿಕ್ಕದಾಗಿ, ಒಂದೊಂದು ಕಾರಣಕ್ಕೆ ಅಂಟಿಕೊಂಡು ಇರುತ್ತವೆ. ಇಡೀ ಜಗತ್ತನ್ನು 16 ವರ್ಷಕ್ಕೊಮ್ಮೆ ಕೊಯ್ಯುವ ಕತ್ತಿ ಅವುಗಳನ್ನು ಹಿಡಿಯಲಾರದು.

ಇನ್ನು ನಿಮ್ಮ ಕಚೇರಿಯ ಸಮೀಕ್ಷೆ. ಜೆನ್ ಝೀಯವರಿಗೆ ಕೆಲಸ ಬದಲಿಸುವ ಇಚ್ಛೆ ಹೆಚ್ಚು ಎಂಬ ಫಲಿತಾಂಶವನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಅದು ಪೀಳಿಗೆಯ ಗುಣ ಎಂದು ಆ ಸಮೀಕ್ಷೆಯಿಂದ ಹೇಳಲಾಗದು. ಪ್ರತಿಯೊಬ್ಬರ ಬದುಕಿನಲ್ಲೂ ಮೂರು ಗಡಿಯಾರಗಳು ಒಟ್ಟಿಗೆ ಓಡುತ್ತವೆ. ಒಂದು ವಯಸ್ಸು: ಇಪ್ಪತ್ತೈದರ ಹೊತ್ತಿಗೆ ಮನೆಸಾಲ, ಮಕ್ಕಳ ಶಾಲೆ ಇರುವುದಿಲ್ಲ, ಕೆಲಸ ಬಿಡುವುದು ಸುಲಭ. ಎರಡನೆಯದು ಕಾಲ: ಮಾರುಕಟ್ಟೆ ಬಿಸಿಯಾಗಿದ್ದ ವರ್ಷ ಎಲ್ಲ ವಯಸ್ಸಿನವರೂ ಬದಲಿಸಲು ನೋಡುತ್ತಾರೆ. ಮೂರನೆಯದು ಹುಟ್ಟಿದ ವರ್ಷ, ಎಂದರೆ ಬಾಲ್ಯದಲ್ಲೇ ಅಂಟಿ ಬದುಕಿಡೀ ಉಳಿಯುವ ಪ್ರಭಾವ. ಒಂದೇ ವರ್ಷ ನಡೆಸಿದ ಸಮೀಕ್ಷೆಯಲ್ಲಿ ಮೊದಲನೆಯದೂ ಮೂರನೆಯದೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ: 2024ರಲ್ಲಿ 25 ವರ್ಷದವರು ಎಂದರೂ 1999ರಲ್ಲಿ ಹುಟ್ಟಿದವರು ಎಂದರೂ ಒಂದೇ. ನೀವು ಅಳೆದದ್ದು ಯೌವನವನ್ನೋ ಪೀಳಿಗೆಯನ್ನೋ ಎಂದು ಆ ಅಂಕಿಗಳೇ ಹೇಳಲಾರವು.

ಹಳೆಯ ಸಮೀಕ್ಷೆಯೊಂದು ಸಿಕ್ಕರೆ ಬಗೆಹರಿಯುತ್ತದೆ ಎನಿಸಬಹುದು. ಸಹಾಯವಾಗುತ್ತದೆ, ಆದರೆ ಪೂರ್ತಿ ಬಗೆಹರಿಯುವುದಿಲ್ಲ. ಅದೇಕೆಂದು ತೋರಿಸಲು ನಾನೇ ಕಟ್ಟಿದ ಅಂಕಿಗಳನ್ನು ಬಳಸುತ್ತೇನೆ. ಕೆಲಸ ಬದಲಿಸುವ ಇಚ್ಛೆಗೆ ಅಂಕ ಕೊಟ್ಟೆವು ಎಂದುಕೊಳ್ಳಿ. 1994ರಲ್ಲಿ 25 ವರ್ಷದವರಿಗೆ ಸೊನ್ನೆ, 2024ರಲ್ಲಿ 25 ವರ್ಷದವರಿಗೆ 30, 2024ರಲ್ಲಿ 55 ವರ್ಷದವರಿಗೆ ಸೊನ್ನೆ ಬಂತು. ಒಬ್ಬರು ಹೇಳುತ್ತಾರೆ: ‘ಇದು ಪೀಳಿಗೆಯ ಗುಣವೇ. 1969ರ ನಂತರ ಹುಟ್ಟಿದ ಒಂದೊಂದು ವರ್ಷಕ್ಕೆ ಒಂದೊಂದು ಅಂಕ ಏರುತ್ತದೆ. 1969ರಲ್ಲಿ ಹುಟ್ಟಿದವರಿಗೆ ಅಂದೂ ಸೊನ್ನೆ, ಇಂದೂ ಸೊನ್ನೆ, 1999ರವರಿಗೆ 30.’ ಇನ್ನೊಬ್ಬರು ಹೇಳುತ್ತಾರೆ: ‘ಪೀಳಿಗೆಗೆ ಇದರಲ್ಲಿ ಪಾತ್ರವೇ ಇಲ್ಲ. ಕಾಲ ಮುಂದೆ ಹೋದಂತೆ ಎಲ್ಲರಿಗೂ ವರ್ಷಕ್ಕೊಂದು ಅಂಕ ಏರುತ್ತದೆ, ವಯಸ್ಸಾದಂತೆ ವರ್ಷಕ್ಕೊಂದು ಇಳಿಯುತ್ತದೆ. 55ರವರಿಗೆ ಮೂವತ್ತು ವರ್ಷಗಳಲ್ಲಿ 30 ಏರಿ 30 ಇಳಿಯಿತು. ಇಂದಿನ 25ರವರಿಗೆ ಏರಿದ್ದು ಮಾತ್ರ ಇದೆ.’ ಎರಡೂ ವಿವರಣೆಗಳು ಮೂರೂ ಅಂಕಿಗಳಿಗೆ ಚಾಚೂತಪ್ಪದೆ ಹೊಂದುತ್ತವೆ. ಇದು ಗಣಿತದ ಗಂಟು: ಹುಟ್ಟಿದ ವರ್ಷ ಎಂದರೆ ಇಂದಿನ ವರ್ಷದಿಂದ ವಯಸ್ಸನ್ನು ಕಳೆದದ್ದೇ ಆದ್ದರಿಂದ, ಎರಡು ಗೊತ್ತಾದರೆ ಮೂರನೆಯದು ತಾನಾಗಿ ಬರುತ್ತದೆ, ಸ್ವತಂತ್ರವಾಗಿ ಉಳಿಯುವುದಿಲ್ಲ. ಹೆಚ್ಚು ಜನರನ್ನು ಕೇಳಿದರೂ ಈ ಗಂಟು ಸಡಿಲವಾಗುವುದಿಲ್ಲ. ಹೊರಗಿನಿಂದ ಒಂದು ತಿಳಿವಳಿಕೆ ತರಬೇಕು. ಇಂಥ ಶಾಲಾ ನಿಯಮ ಇಂಥ ವರ್ಷ ಬದಲಾಯಿತು, ಇಂಥ ಮುಷ್ಕರ ಇಂಥ ದಿನ ಶುರುವಾಯಿತು ಎಂಬಂಥದ್ದು. ಪೀಳಿಗೆಯ ಹೆಸರು ಆ ತಿಳಿವಳಿಕೆಯನ್ನು ಕೊಡುವುದಿಲ್ಲ.

ಗೆರೆಯಲ್ಲಿ ಹುರುಳಿದೆಯೇ ಎಂದು ನೀವೇ ನೋಡಬಹುದು. ಉತ್ತರಗಳನ್ನು ಡಬ್ಬಿಗೆ ಹಾಕದೆ, ಒಂದೊಂದು ಹುಟ್ಟಿದ ವರ್ಷಕ್ಕೆ ಒಂದೊಂದು ಚುಕ್ಕಿ ಇಟ್ಟು ನಕ್ಷೆ ಬರೆಯಿರಿ. 1996ಕ್ಕೂ 1997ಕ್ಕೂ ನಡುವೆ ನಿಜವಾದ ಗಡಿ ಇದ್ದರೆ ಅಲ್ಲಿ ಮೆಟ್ಟಿಲಿನಂಥ ಜಿಗಿತ ಕಾಣಬೇಕು. ಸಾಮಾನ್ಯವಾಗಿ ಕಾಣುವುದು ನಿಧಾನವಾದ ಇಳಿಜಾರು. ಇಳಿಜಾರನ್ನು ಎಲ್ಲಿ ಕತ್ತರಿಸಿ ಎರಡು ಭಾಗಗಳ ಸರಾಸರಿ ತೆಗೆದರೂ ವ್ಯತ್ಯಾಸ ಬಂದೇ ಬರುತ್ತದೆ. ಗೆರೆಯನ್ನು 1993ಕ್ಕೋ 2000ಕ್ಕೋ ಸರಿಸಿದರೂ ಅಷ್ಟೇ ಸೊಗಸಾದ ವ್ಯತ್ಯಾಸ ಸಿಗುತ್ತದೆ. ಅಲ್ಲಿಗೆ ಆ ಗೆರೆ ಏನನ್ನೂ ಪತ್ತೆ ಮಾಡಿಲ್ಲ ಎಂದಾಯಿತು. ಮಿಲೆನಿಯಲ್ ಡಬ್ಬಿಯೊಳಗೆ, 2024ರ ಲೆಕ್ಕದಲ್ಲಿ, 28ರವರಿಗೂ 43ರವರಿಗೂ ಇರುವ ದೊಡ್ಡ ಅಂತರ ಸರಾಸರಿಯಲ್ಲಿ ಕರಗಿಹೋಗುತ್ತದೆ, ಗಡಿಯ ಆಚೀಚೆ ನಿಮಗೂ ನಿಮ್ಮ ತಂಗಿಗೂ ಇರುವ ಚಿಕ್ಕ ಅಂತರ ದೊಡ್ಡದಾಗಿ ತೋರುತ್ತದೆ.

ನಮ್ಮ ಕಡೆ ಇನ್ನೊಂದು ತಮಾಷೆಯ ತೊಡಕು. ನನ್ನ ವಯಸ್ಸಿನ ಬಹಳಷ್ಟು ಜನರ ಶಾಲಾ ದಾಖಲೆಯಲ್ಲಿ ಜನ್ಮದಿನ ಜೂನ್ 1. ಮಳೆಗಾಲದ ಹೊತ್ತಿಗೆ ಶಾಲೆ ಶುರುವಾಗುವಾಗ ಹೆಡ್‌ಮಾಸ್ತರರು ಮಗುವನ್ನು ನೋಡಿ, ಐದು ವರ್ಷ ತುಂಬಿದಂತೆ ಲೆಕ್ಕ ಹಾಕಿ ಬರೆದ ದಿನ ಅದು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಹುಟ್ಟಿದ ವರ್ಷವೇ ಒಂದೆರಡು ವರ್ಷ ಆಚೀಚೆ ಇರುವವರನ್ನು ಡಿಸೆಂಬರ್ 31ರ ಗೆರೆಯಿಂದ ಬೇರ್ಪಡಿಸುವುದು ಎಷ್ಟರ ಮಟ್ಟಿಗೆ ನಿಖರ, ನೀವೇ ಹೇಳಿ.

ಇದು ಬರೀ ತರಗತಿಯ ತಕರಾರಾಗಿ ಉಳಿದಿಲ್ಲ. 2021ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಫಿಲಿಪ್ ಕೊಹೆನ್ ಪ್ಯೂ ಕೇಂದ್ರಕ್ಕೆ ಬಹಿರಂಗ ಪತ್ರ ಬರೆದು, ಈ ಹೆಸರುಗಳನ್ನು ಕೈಬಿಡುವಂತೆ ಕೇಳಿದರು. 150ಕ್ಕೂ ಹೆಚ್ಚು ವಿದ್ವಾಂಸರು ಅದಕ್ಕೆ ಸಹಿ ಹಾಕಿದರು. 2023ರಲ್ಲಿ ಪ್ಯೂ ಕೇಂದ್ರ ತನ್ನ ಪದ್ಧತಿಯನ್ನು ಬದಲಿಸಿತು: ಇಂದಿನ ಯುವಕರನ್ನು ಹಿಂದಿನವರು ಅದೇ ವಯಸ್ಸಿನಲ್ಲಿದ್ದಾಗಿನ ಮಾಹಿತಿಯೊಂದಿಗೆ ಹೋಲಿಸಲು ಸಾಧ್ಯವಾದಾಗ ಮಾತ್ರ ಪೀಳಿಗೆಯ ಮಾತು ಆಡುವುದಾಗಿ ಹೇಳಿತು. ಪಟ್ಟಿಯನ್ನು ಜನಪ್ರಿಯಗೊಳಿಸಿದವರೇ ಹಿಂದೆ ಸರಿದರೂ ತರಬೇತಿಯ ಸ್ಲೈಡುಗಳು ಅಷ್ಟು ಬೇಗ ಬದಲಾಗುವುದಿಲ್ಲ.

ಮುಂದಿನ ಸಮೀಕ್ಷೆಯ ನಮೂನೆಯಲ್ಲಿ ಪೀಳಿಗೆಯ ಕಾಲಂ ತೆಗೆದು, ವಯಸ್ಸನ್ನು ವರ್ಷದಲ್ಲೇ ಕೇಳಿ. ಮೊದಲ ನೌಕರಿಗೆ ಸೇರಿದ್ದು ಯಾವ ವರ್ಷ, ಈ ಕಂಪನಿಯಲ್ಲಿ ಎಷ್ಟು ವರ್ಷವಾಯಿತು, ಮನೆಸಾಲ ಇದೆಯೇ, ಮನೆಯಲ್ಲಿ ಅವಲಂಬಿಸಿದವರು ಎಷ್ಟು, ಪುಣೆಯವರೇ ಅಥವಾ ಬೇರೆ ಊರಿನಿಂದ ಬಂದು ಬಾಡಿಗೆಗೆ ಇರುವವರೇ ಎಂಬ ಪ್ರಶ್ನೆಗಳನ್ನು ಸೇರಿಸಿ. 2020ರ ಲಾಕ್‌ಡೌನಿನಲ್ಲಿ ಕಚೇರಿಯ ಮುಖವನ್ನೇ ನೋಡದೆ ಮೊದಲ ನೌಕರಿಗೆ ಸೇರಿದವರನ್ನು ಮಾತ್ರ ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ. ಅವರಲ್ಲಿ ಕೆಲವರು ನಿಮ್ಮ ಪಟ್ಟಿಯ ಮಿಲೆನಿಯಲ್‌ಗಳು, ಹಲವರು ಜೆನ್ ಝೀ. ಕೆಲಸ ಕಲಿಸುವ ಹಿರಿಯರು ಪಕ್ಕದ ಮೇಜಿನಲ್ಲಿ ಇಲ್ಲದೆ ಕೆಲಸ ಕಲಿತದ್ದು ಅವರಲ್ಲಿ ಏನನ್ನಾದರೂ ಉಳಿಸಿದೆಯೇ ಎಂಬುದು, ನನ್ನ ಮಟ್ಟಿಗೆ, ನಿಮ್ಮ ಕಚೇರಿಯಲ್ಲಿ ಕೇಳಬಹುದಾದ ಪೀಳಿಗೆಯ ಪ್ರಶ್ನೆ.